ತಾರಸಿಯ ಸಂದು ಏಕೆ ಬಾಯಿ ಬಿಡುತ್ತದೆ?

ರಾಯಚೂರಿನಂಥ ಬಿಸಿಲೂರಲ್ಲಿ 30 ಮೀಟರ್ ಉದ್ದದ ತಾರಸಿ ಇದೆ, ನಡುವೆ ಒಂದೇ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎಂದುಕೊಳ್ಳಿ. ಡಿಸೆಂಬರ್ ಮುಂಜಾವಿಗೂ ಮೇ ಮಧ್ಯಾಹ್ನಕ್ಕೂ ಕಾಂಕ್ರೀಟಿನ ಉಷ್ಣತೆ 40 ಡಿಗ್ರಿ ಬದಲಾದರೆ, ಎರಡೂ ಕಡೆಯ ಸ್ಲ್ಯಾಬುಗಳು ಹಿಗ್ಗಿ ಕುಗ್ಗಿ ಆ ಸಂದನ್ನು ಸುಮಾರು 6 ಮಿಲಿಮೀಟರ್ ಅಲುಗಾಡಿಸುತ್ತವೆ. ಕಾಂಕ್ರೀಟ್ ಒಣಗಿ ಕುಗ್ಗುವಾಗಿನ ಬಿರುಕನ್ನು ಗೆರೆಯಲ್ಲಿ ಹಿಡಿಯಲು ಕೊರೆಯುವ ಕಂಟ್ರೋಲ್ ಜಾಯಿಂಟ್ ಈ ಕೆಲಸಕ್ಕೆ ಸಾಲದು. ಇಲ್ಲಿ ಸ್ಲ್ಯಾಬು, ಮೇಲಿನ ಟೈಲ್ಸು, ಪ್ಯಾರಾಪೆಟ್ ಎಲ್ಲವೂ ಒಂದೇ ಗೆರೆಯಲ್ಲಿ ಬೇರ್ಪಟ್ಟಿರಬೇಕು.

ಸೀಲಂಟ್ ಡಬ್ಬಿಯ ಮೇಲೆ ±25 ಶೇಕಡಾ ಎಂದಿದ್ದರೆ, ತುಂಬಿದ ದಿನದ ಅಗಲದ ಕಾಲುಭಾಗ ಹಿಗ್ಗಬಲ್ಲದು ಅಥವಾ ಕುಗ್ಗಬಲ್ಲದು ಎಂದರ್ಥ. ಸಂದು 12 ಮಿಲಿಮೀಟರ್ ಇದ್ದು, ಮೇ ಬಿಸಿಲಲ್ಲಿ ತುಂಬಿದರೆ ಚಳಿಗಾಲದ 6 ಮಿಲಿಮೀಟರ್ ಎಳೆತ ಅದರ ಅರ್ಧದಷ್ಟಾಗುತ್ತದೆ. ಅದು ಅಂಚಿನಿಂದ ಕಿತ್ತುಬರುತ್ತದೆ. 25 ಮಿಲಿಮೀಟರ್ ಅಗಲ ಬಿಟ್ಟು, ನಡುಹದ ಉಷ್ಣತೆಯಲ್ಲಿ ತುಂಬಿದರೆ ಅದೇ ಸೀಲಂಟ್ ನಿರಾಯಾಸವಾಗಿ ಬಾಳುತ್ತದೆ. ಸಂದು ಕಿರಿದಾಗಿಯೇ ಇದ್ದರೆ ±50 ಶೇಕಡಾದ, ಬಿಸಿಲು ತಾಳುವ ಮೆದು ಸಿಲಿಕೋನ್ ಕೊಳ್ಳಿ. ಸಿಮೆಂಟ್ ಗಾರೆ ತುಂಬುವುದನ್ನು ನಾನಂತೂ ಒಪ್ಪುವುದಿಲ್ಲ. ಅದು ಹಿಗ್ಗುವುದೇ ಇಲ್ಲ.

ಆಳ ಅಗಲದ ಅರ್ಧವಿದ್ದರೆ ಸಾಕು. ಮೊದಲು ಫೋಮಿನ ಬ್ಯಾಕರ್ ರಾಡ್ ತುರುಕಿ. ಅದಿಲ್ಲದೆ ಸೀಲಂಟ್ ತಳಕ್ಕೂ ಅಂಟಿದರೆ ಮೂರು ಕಡೆಯಿಂದ ಬಿಗಿಯಾಗಿ, ಹಿಗ್ಗಲಾಗದೆ ನಡುವೆ ಸೀಳುತ್ತದೆ. ನಡುಸೀಳು ಕಂಡರೆ ಆಳ, ತಳ ಅಥವಾ ಆಯ್ಕೆಯ ತಪ್ಪನ್ನು ಹುಡುಕಿ. ಅಂಚು ಬಿಟ್ಟಿದ್ದರೆ ಧೂಳು, ತೇವ ಅಥವಾ ಪ್ರೈಮರ್ ಕೊರತೆಯನ್ನೂ ನೋಡಿ.