ಪದೇ ಪದೇ ಚಾಲೂ ಆಗುವ ಬಾವಿ ಪಂಪು: ದೋಷ ಸ್ವಿಚ್ಚಿನದೋ, ಟ್ಯಾಂಕಿನದೋ?

ಬಾವಿಯ ಪಂಪು ನಿಮಿಷಕ್ಕೊಮ್ಮೆ ಚಾಲೂ ಆಗಿ ನಿಲ್ಲತೊಡಗಿದಾಗ ಬಹುತೇಕ ಘಟಕಗಳಲ್ಲಿ ಮೊದಲು ಕೈ ಹೋಗುವುದು ಪ್ರೆಷರ್ ಸ್ವಿಚ್ಚಿನ ನಟ್ಟಿಗೆ. ಇದು ಸರಿಯಾದ ಕ್ರಮವಲ್ಲ. ಮೋಟಾರು ಚಾಲೂ ಆಗುವ ಪ್ರತಿ ಸಲವೂ ಸಾಮಾನ್ಯ ಓಟಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆ ಶಾಖ ಆರುವ ಮುನ್ನವೇ ಮತ್ತೆ ಚಾಲೂ ಆಗುತ್ತಿದ್ದರೆ ಒಂದು ದಿನ ಸುರುಳಿ ಸುಡುತ್ತದೆ. ರೀವೈಂಡಿಂಗ್ ಖರ್ಚಿನ ಜೊತೆಗೆ ಘಟಕದ ಕೆಲಸವೂ ನಿಲ್ಲುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಪಂಪು ನಿಮಿಷಕ್ಕೆ 30 ಲೀಟರ್ ಎತ್ತುತ್ತದೆ. ಘಟಕದ ಬಳಕೆ ನಿಮಿಷಕ್ಕೆ 10 ಲೀಟರ್. ರಬ್ಬರ್ ಚೀಲವುಳ್ಳ ಪ್ರೆಷರ್ ಟ್ಯಾಂಕಿನ ಗಾತ್ರ 100 ಲೀಟರ್. ಸ್ವಿಚ್ಚು 30 ಪಿ.ಎಸ್.ಐ.ಗೆ ಪಂಪನ್ನು ಚಾಲೂ ಮಾಡಿ 50ಕ್ಕೆ ನಿಲ್ಲಿಸುತ್ತದೆ. ಟ್ಯಾಂಕಿನ ಗಾಳಿಯ ಒತ್ತಡವು ಚಾಲೂ ಆಗುವ ಒತ್ತಡಕ್ಕಿಂತ 2 ಪಿ.ಎಸ್.ಐ. ಕಡಿಮೆ, ಅಂದರೆ 28 ಇದ್ದರೆ, ಪಂಪು ನಿಂತ ಮೇಲೆ ಸುಮಾರು 29 ಲೀಟರ್ ನೀರು ದೊರೆಯುತ್ತದೆ. ಆಗ ಪಂಪು ಗಂಟೆಗೆ 13-14 ಬಾರಿ ಚಾಲೂ ಆಗುತ್ತದೆ. ಗಾಳಿ ಪೂರ್ತಿ ಸೋರಿ ಗೇಜಿನಲ್ಲಿ ಸೊನ್ನೆಗೆ ಇಳಿದಿದ್ದರೆ ದೊರೆಯುವುದು ಸುಮಾರು 10 ಲೀಟರ್ ಮಾತ್ರ; ಚಾಲನೆಗಳು ಗಂಟೆಗೆ 40ಕ್ಕೆ ಏರುತ್ತವೆ. ಸ್ವಿಚ್ಚಿನಲ್ಲಿ ಏನೂ ಬದಲಾಗಿಲ್ಲವೆಂಬುದನ್ನು ಗಮನಿಸಬೇಕು.

ಆದುದರಿಂದ ಮೊದಲು ವಿದ್ಯುತ್ ಕಡಿತಗೊಳಿಸಿ, ನಲ್ಲಿ ತೆರೆದು ಟ್ಯಾಂಕನ್ನು ಸಂಪೂರ್ಣ ಬರಿದು ಮಾಡಬೇಕು. ನೀರು ಉಳಿದಿರುವಾಗ ಅಳೆದರೆ ಕಾಣುವುದು ನೀರಿನ ಒತ್ತಡವೇ ಹೊರತು ಗಾಳಿ ತುಂಬಿದ ಪ್ರಮಾಣವಲ್ಲ. ನಂತರ ಗಾಳಿಯ ವಾಲ್ವಿಗೆ ಟಯರ್ ಗೇಜು ಹಿಡಿದು ನೋಡಿ, ನಲ್ಲಿ ತೆರೆದಿರುವಂತೆಯೇ 28ರವರೆಗೆ ಗಾಳಿ ತುಂಬಬೇಕು. ಸೈಕಲ್ ಪಂಪೂ ಸಾಕು, ತಾಳ್ಮೆ ಬೇಕಷ್ಟೆ. ವಾಲ್ವಿನ ಪಿನ್ ಒತ್ತಿದಾಗ ನೀರು ಬಂದರೆ ಚೀಲ ಹರಿದಿದೆ ಎಂದರ್ಥ. ಗಾಳಿ ತುಂಬಿ ಪ್ರಯೋಜನವಿಲ್ಲ.

ಸ್ವಿಚ್ಚಿನ ಸರದಿ ಆಮೇಲೆ. ಸಾಮಾನ್ಯ ಎರಡು ಸ್ಪ್ರಿಂಗಿನ ಸ್ವಿಚ್ಚಿನಲ್ಲಿ ದೊಡ್ಡ ನಟ್ಟನ್ನು ಬಿಗಿಗೊಳಿಸಿದರೆ ಎರಡೂ ಒತ್ತಡಗಳು ಒಟ್ಟಿಗೆ ಏರುತ್ತವೆ. ಸಣ್ಣದನ್ನು ಬಿಗಿಗೊಳಿಸಿದರೆ ನಿಲ್ಲುವ ಒತ್ತಡ ಮಾತ್ರ ಏರಿ ಅಂತರ ಹಿಗ್ಗುತ್ತದೆ. ಅಂತರ ಹಿಗ್ಗಿದಷ್ಟೂ ಚಾಲನೆಗಳು ಕಡಿಮೆ. ಆದರೆ ಪಂಪಿನ ಶಕ್ತಿಗೆ ಮೀರಿದ ಒತ್ತಡವನ್ನು ನಿಗದಿಪಡಿಸಿದರೆ ಅದು ನಿಲ್ಲುವುದೇ ಇಲ್ಲ. ಚಾಲೂ ಆಗುವ ಒತ್ತಡವನ್ನು 40ಕ್ಕೆ ಏರಿಸಿದವರು ಟ್ಯಾಂಕಿನ ಗಾಳಿಯನ್ನೂ 38ಕ್ಕೆ ಏರಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ವಿದ್ಯುತ್ ಇರುವಾಗ ಸ್ವಿಚ್ಚಿನ ಮುಚ್ಚಳ ತೆರೆಯುವುದು ಸಲ್ಲದು.

ಯಾವ ನಲ್ಲಿಯೂ ತೆರೆಯದಿದ್ದರೂ ಪಂಪು ಚಾಲೂ ಆಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಪಂಪು ನಿಂತಾಗ ಟ್ಯಾಂಕಿನ ಮುಂದಿನ ಗೇಟ್ ವಾಲ್ವನ್ನು ಮುಚ್ಚಿ, ಟ್ಯಾಂಕಿನ ಬಳಿಯ ಗೇಜನ್ನು ನೋಡಬೇಕು. ಮುಳ್ಳು ಇಳಿಯದಿದ್ದರೆ ಸೋರಿಕೆ ಘಟಕದ ಪೈಪಿನಲ್ಲಿದೆ. ಆಗಲೂ ಇಳಿಯುತ್ತಿದ್ದರೆ ನೀರು ನಾನ್ ರಿಟರ್ನ್ ವಾಲ್ವಿನ ಮೂಲಕವೋ ಬಾವಿಯೊಳಗಿನ ಪೈಪಿನ ಮೂಲಕವೋ ಹಿಂದಕ್ಕೆ ಹೋಗುತ್ತಿದೆ. ಇದಕ್ಕೆ ಪೈಪನ್ನು ಮೇಲೆತ್ತಬೇಕಾದೀತು. ಯಾವ ನಟ್ಟು ತಿರುಗಿಸಿದರೂ ಸರಿಯಾಗದು.