ವಿನೆಗರ್‌ಗೆ ನೀರು ಬೆರೆಸಿದ್ರೆ ಸಾಕಾ?

ನನ್ನ ರೂಮ್‌ಮೇಟ್ ಎರಡು ತಿಂಗಳು ದಿನಾ ಮೆಸ್‌ಗೆ ಹೋಗೋ ಮುಂಚೆ ಆಪಲ್ ಸೈಡರ್ ವಿನೆಗರ್ ಕುಡಿದ. ಒಂದು ಟೇಬಲ್ ಚಮಚ, ಅಂದ್ರೆ 15 ಮಿ.ಲೀ. ವಿನೆಗರ್‌ಗೆ ನೀರು ಸೇರಿಸಿ 250 ಮಿ.ಲೀ. ಮಾಡ್ಕೊಂಡು, ಫೋನ್ ನೋಡ್ತಾ ಅರ್ಧ ಗಂಟೆ ಗುಟುಕರಿಸ್ತಿದ್ದ. "ನೀರು ಬೆರೆಸಿದ್ದೀನಲ್ಲ, ಏನಾಗಲ್ಲ ಬಿಡೋ" ಅನ್ನೋನು. ಆಮೇಲೆ ತಣ್ಣೀರು ತಾಗಿದ್ರೆ ಹಲ್ಲು ಜುಮ್ ಅನ್ನೋಕೆ ಶುರುವಾಯ್ತು. ಎನಾಮೆಲ್ ಸವೆದಿದೆ ಅಂದ್ರು ಡೆಂಟಿಸ್ಟ್.

ಲಾಭ ಇಲ್ಲವೇ ಇಲ್ಲ ಅಂತಲ್ಲ. ಅನ್ನದಂಥ ಪಿಷ್ಟದ ಊಟದ ಜೊತೆ ವಿನೆಗರ್ ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಊಟದ ನಂತರದ ಸಕ್ಕರೆ ಸ್ವಲ್ಪ ಕಡಿಮೆ ಏರುತ್ತದೆ. ತೂಕದ ಲಾಭ ಇನ್ನೂ ಸಣ್ಣದು. 2009ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ದಿನಕ್ಕೆ 15 ಮಿ.ಲೀ. ಕುಡಿದವರು 12 ವಾರದಲ್ಲಿ ಇಳಿಸಿದ್ದು ಸರಾಸರಿ ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಬಿಟ್ಟ ಮೇಲೆ ತೂಕ ವಾಪಸ್ ಬಂತು.

ಈಗ ಅವನ ಲೋಟದ ಲೆಕ್ಕ ಮಾಡೋಣ. ವಿನೆಗರ್‌ನಲ್ಲಿ ಸುಮಾರು 5% ಅಸಿಟಿಕ್ ಆಮ್ಲ ಇರುತ್ತದೆ, ಅಂದ್ರೆ ಸುಮಾರು 0.83 ಮೋಲಾರ್. ಅದು ದುರ್ಬಲ ಆಮ್ಲ. ಹಾಗಾಗಿ:

pH ≈ ½ (pKa − log C), pKa = 4.76

ನೀರು ಬೆರೆಸದ ವಿನೆಗರ್‌ಗೆ ಇದು 2.4 ಬರುತ್ತದೆ. ಅವನ ಲೋಟದಲ್ಲಿ C ಸುಮಾರು 0.05, ಪಿಎಚ್ 3.0. ಹದಿನೇಳು ಪಟ್ಟು ತೆಳು ಮಾಡಿದರೂ ಏರಿದ್ದು 0.6 ಮಾತ್ರ! ಎನಾಮೆಲ್ ಕರಗೋಕೆ ಶುರುವಾಗೋದು ಸುಮಾರು 5.5ರ ಕೆಳಗೆ. ನೀರು ಜಾಸ್ತಿ ಮಾಡಿ ಆ ಗಡಿ ದಾಟೋದು ಲೋಟದ ಲೆಕ್ಕದಲ್ಲಿ ಆಗದ ಮಾತು.

ಹಾಗಾದ್ರೆ ನೀರು ಯಾಕೆ? ಗಂಟಲಿಗಾಗಿ. ನೀರು ಬೆರೆಸದ ವಿನೆಗರ್ ಶಾಟ್ ಗಂಟಲನ್ನೂ ಅನ್ನನಾಳವನ್ನೂ ಸುಡಬಹುದು. ತೆಳು ಮಾಡಿದಾಗ ಪ್ರತಿ ಗುಟುಕಿನಲ್ಲಿ ತಾಗುವ ಆಮ್ಲವೇ ಹದಿನೇಳನೇ ಒಂದು ಭಾಗ ಆಗುತ್ತದೆ. ಅಲ್ಲಿ ನೀರು ನಿಜಕ್ಕೂ ಕೆಲಸ ಮಾಡುತ್ತದೆ.

ಹಲ್ಲಿಗೆ ಬೇಕಾದ್ದು ಬೇರೆ: ಆಮ್ಲ ತಾಗುವ ಸಮಯ ಕಮ್ಮಿ ಮಾಡೋದು. ಸ್ಟ್ರಾ ಹಾಕಿ, ಗುಟುಕರಿಸದೆ ಬೇಗ ಮುಗಿಸಿ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ತಕ್ಷಣ ಬ್ರಷ್ ಮಾಡಬೇಡಿ. ಮೆತ್ತಗಾದ ಎನಾಮೆಲ್ ಉಜ್ಜಿದ್ರೆ ಇನ್ನಷ್ಟು ಸವೆಯುತ್ತದೆ. ಒಂದು ಗಂಟೆ ಬಿಡಿ. ಕುಡಿದು ಹಾಗೇ ಮಲಗಬೇಡಿ. ನುಂಗುವಾಗ ನೋವು, ಎದೆಯುರಿ, ಹಲ್ಲು ಜುಮ್ ಅನ್ನೋದು ಕಂಡರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಶುರು ಮಾಡೋ ಮುಂಚೆಯೇ ಕೇಳಿ, ಸಕ್ಕರೆ ತೀರಾ ಇಳಿಯಬಹುದು.

ರೂಮ್‌ಮೇಟ್ ವಿನೆಗರ್ ಬಿಟ್ಟ. ಸವೆದ ಎನಾಮೆಲ್ ಮಾತ್ರ ಮತ್ತೆ ಬೆಳೆಯಲ್ಲ.