ಕೆಂಪಕ್ಷರ ಹೇಳುವುದೇನು? ಬ್ರಿಟನ್ನಿನ ಸರ್ಕಾರಿ ಅರ್ಜಿಯಲ್ಲಿ ತಪ್ಪಿನ ಸಂದೇಶ ಓದುವ ಬಗೆ

ಮೈಸೂರಿನಿಂದ ಓದಲೆಂದು ಮ್ಯಾಂಚೆಸ್ಟರಿಗೆ ಹೋದ ಹುಡುಗಿಯೊಬ್ಬಳು ಅಲ್ಲಿಯ ಸರ್ಕಾರಿ ಸೇವೆಯೊಂದಕ್ಕೆ ಆನ್‌ಲೈನಿನಲ್ಲಿ ಅರ್ಜಿ ತುಂಬುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ವಿಳಾಸದ ಪುಟ ಮುಗಿಸಿ Continue ಒತ್ತುತ್ತಾಳೆ. ಮುಂದಿನ ಪುಟದ ಬದಲು ಅದೇ ಪುಟ ಮತ್ತೆ ಬರುತ್ತದೆ. ಮೇಲೆ ಕೆಂಪು ಚೌಕಟ್ಟು, ಅದರೊಳಗೆ ಎರಡು ಸಾಲು; ಕೆಳಗೆ ಎರಡು ಪ್ರಶ್ನೆಗಳ ಎಡಕ್ಕೆ ಕೆಂಪು ಗೆರೆ. ಅನೇಕರು ಇಲ್ಲಿ ಗಾಬರಿಯಾಗಿ ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಅದನ್ನೇ ಬರೆಯುತ್ತಾರೆ, ಮತ್ತೆ ಅದೇ ಕೆಂಪು ಕಾಣುತ್ತದೆ. ಆ ಸಾಲುಗಳನ್ನು ನಿಧಾನವಾಗಿ ಓದಿದರೆ ಏನು ತಿದ್ದಬೇಕು, ಎಲ್ಲಿ ತಿದ್ದಬೇಕು ಎರಡೂ ಅಲ್ಲೇ ಬರೆದಿರುತ್ತವೆ.

ಬ್ರಿಟನ್ನಿನ ಕೇಂದ್ರ ಸರ್ಕಾರದ ಅರ್ಜಿಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. 2018ರಲ್ಲಿ ಹೊರಬಂದ GOV.UK Design System ಎಂಬ ನಿಯಮಾವಳಿಯಲ್ಲಿ ಪೆಟ್ಟಿಗೆ ಹೇಗಿರಬೇಕು, ತಪ್ಪಿನ ಸಂದೇಶ ಎಲ್ಲಿರಬೇಕು, ಅದರ ಮಾತು ಯಾವ ರೀತಿಯದ್ದಾಗಿರಬೇಕು ಎಂಬುದೆಲ್ಲ ಇದೆ. ಹೀಗಾಗಿ ಒಂದು ಅರ್ಜಿಯ ಸಂದೇಶ ಓದಲು ಕಲಿತವರಿಗೆ ಉಳಿದವುಗಳ ಮಾತೂ ತಿಳಿಯುತ್ತದೆ. ಸೇವೆಯಿಂದ ಸೇವೆಗೆ ಒಂದೆರಡು ಪದ ಬೇರೆಯಾಗಬಹುದು, ಅಷ್ಟೆ.

ಸಂದೇಶ ಯಾವ ಪೆಟ್ಟಿಗೆಯದು?

ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಇದು. ಅನೇಕ ದೇಶಗಳ, ಖಾಸಗಿ ಕಂಪನಿಗಳ ಅರ್ಜಿಗಳಲ್ಲಿ ಕೆಂಪು ಸಾಲು ಪೆಟ್ಟಿಗೆಯ ಕೆಳಗಿರುತ್ತದೆ. ಬ್ರಿಟನ್ನಿನ ಈ ಅಚ್ಚಿನಲ್ಲಿ ಅದು ಪ್ರಶ್ನೆಯ ಹೆಸರಿನ ಕೆಳಗೆ, ಪೆಟ್ಟಿಗೆಯ ಮೇಲೆ ಇರುತ್ತದೆ. ಕೆಳಗೆ ನೋಡಿ ರೂಢಿಯಾದ ಕಣ್ಣು ಆ ಸಾಲನ್ನು ಹಿಂದಿನ ಪೆಟ್ಟಿಗೆಗೆ ಸೇರಿಸಿಬಿಡುತ್ತದೆ. ಊರಿನ ಹೆಸರು ಸರಿಯಾಗಿಯೇ ಇದ್ದರೂ ಅದನ್ನು ತಿದ್ದುತ್ತ ಕೂರುವುದು ಹೀಗೆ.

ಅನುಮಾನ ಬಂದರೆ ಎಡಗಡೆಯ ಕೆಂಪು ಗೆರೆ ನೋಡಿ. ಪ್ರಶ್ನೆ, ಸಂದೇಶ, ಪೆಟ್ಟಿಗೆ ಮೂರನ್ನೂ ಅದು ಒಟ್ಟಿಗೆ ಬಳಸಿ ನಿಂತಿರುತ್ತದೆ. ಇನ್ನೂ ಸುಲಭದ ದಾರಿ ಪುಟದ ಮೇಲಿರುವ "There is a problem" ಎಂಬ ಚೌಕಟ್ಟು. ಅದರೊಳಗಿನ ಒಂದೊಂದು ಸಾಲೂ ಒಂದು ಕೊಂಡಿ. ಒತ್ತಿದರೆ ತಿದ್ದಬೇಕಾದ ಪೆಟ್ಟಿಗೆಗೇ ಕರೆದೊಯ್ಯುತ್ತದೆ. ಮೊಬೈಲಿನಲ್ಲಿ ಉದ್ದ ಪುಟ ತುಂಬುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಕೆಳಗಿನ ಕೆಂಪು ಸಾಲು ಪರದೆಯಾಚೆ ಉಳಿದು ಕಣ್ಣಿಗೆ ಬೀಳದೇ ಹೋಗಬಹುದು.

ಕಡ್ಡಾಯ ಯಾವುದು, ಬಿಡಬಹುದಾದ್ದು ಯಾವುದು?

ನಮ್ಮ ಹುಡುಗಿಯ ಮೊದಲ ಸಂದೇಶ "Enter town or city". ಊರಿನ ಪೆಟ್ಟಿಗೆಯನ್ನು ಅವಳು ಖಾಲಿ ಬಿಟ್ಟಿದ್ದಳು. ಹೆಸರಿನ ಪಕ್ಕ ನಕ್ಷತ್ರದ ಗುರುತು ಇಲ್ಲವಲ್ಲ, ಹಾಗಾಗಿ ಬೇಕಿಲ್ಲ ಎಂದು ತಿಳಿದಿದ್ದಳು. ನಮ್ಮಲ್ಲಿ ಕೆಂಪು ನಕ್ಷತ್ರ ಇದ್ದರೆ ಕಡ್ಡಾಯ ಎಂಬುದು ರೂಢಿ. ಅಮೆರಿಕದ ಸರ್ಕಾರಿ ವಿನ್ಯಾಸ ನಿಯಮದಲ್ಲೂ ಕೆಂಪು ನಕ್ಷತ್ರಕ್ಕೆ ಅದೇ ಅರ್ಥ. ಬ್ರಿಟನ್ನಿನಲ್ಲಿ ಲೆಕ್ಕ ತಿರುಗಿದೆ: ಎಲ್ಲವೂ ಕಡ್ಡಾಯ, ಬಿಡಬಹುದಾದದ್ದಕ್ಕೆ ಮಾತ್ರ ಗುರುತು. ಹೆಸರಿನ ಪಕ್ಕ optional ಎಂಬ ಪದ ಆವರಣದೊಳಗೆ ಕಂಡರೆ ಮಾತ್ರ ಆ ಪೆಟ್ಟಿಗೆಯನ್ನು ಬಿಡಬಹುದು. ವಿಳಾಸದ ಎರಡನೆಯ ಸಾಲಿಗೆ ಸಾಮಾನ್ಯವಾಗಿ ಈ ಗುರುತು ಇರುತ್ತದೆ. ಮೊದಲ ಸಾಲು, ಊರು, ಪೋಸ್ಟ್‌ಕೋಡ್‌ಗಳಿಗೆ ಇರುವುದಿಲ್ಲ.

ಬಿಟ್ಟದ್ದನ್ನು ತೋರಿಸುವ ಸಂದೇಶವನ್ನು ಅದರ ಮೊದಲ ಪದದಿಂದಲೇ ಗುರುತಿಸಬಹುದು. ಬರೆಯುವ ಪೆಟ್ಟಿಗೆ ಖಾಲಿಯಿದ್ದರೆ Enter, ಆಯ್ಕೆಯ ಗುಂಡಿ ಒತ್ತದಿದ್ದರೆ Select ಎಂದು ಶುರುವಾಗುತ್ತದೆ. ಏನು ಹಾಕಬೇಕೋ ಅದರ ಹೆಸರಷ್ಟೇ ಮುಂದಿದ್ದರೆ ಬರೆದದ್ದು ತಪ್ಪೆಂದಲ್ಲ, ಏನನ್ನೂ ಬರೆದಿಲ್ಲ ಎಂದರ್ಥ. ಆದರೆ Enter ನಂತರ full, correct format, real ಎಂಬಂಥ ಪದ ಬಂದರೆ ಕಥೆ ಬೇರೆ: ಬರೆದಿದ್ದೀರಿ, ಅದರ ಆಕಾರ ಹೊಂದಲಿಲ್ಲ. ಅವಳ ಎರಡನೆಯ ಸಂದೇಶ ಇಂಥದ್ದು.

ಪೋಸ್ಟ್‌ಕೋಡಿನ ಆಕಾರ

"Enter a full UK postcode" ಎಂದು ಬಂದಿತ್ತು. ಅವಳು ಬರೆದದ್ದು M1. ಸಂದೇಶದ ಜೀವ full ಎಂಬ ಪದದಲ್ಲಿದೆ: ಬರೆದದ್ದು ಅರ್ಧ.

ನಮ್ಮ ಪಿನ್ ಕೋಡ್ ಬರೀ ಆರು ಅಂಕಿ. ಬ್ರಿಟನ್ನಿನ ಪೋಸ್ಟ್‌ಕೋಡಿನಲ್ಲಿ ಅಕ್ಷರ, ಅಂಕಿ ಎರಡೂ ಇರುತ್ತವೆ. ಜಾಗ ಬಿಟ್ಟು ಎಣಿಸಿದರೆ ಐದರಿಂದ ಏಳು. ಅದಕ್ಕೆ ಎರಡು ತುಂಡು. ಮೊದಲ ತುಂಡು ಊರನ್ನೂ ಅದರ ಒಂದು ಭಾಗವನ್ನೂ ಹೇಳುತ್ತದೆ. ಎರಡನೆಯದು ಬೀದಿಯ ಕೆಲವೇ ಮನೆಗಳವರೆಗೆ ಇಳಿಯುತ್ತದೆ. ಮ್ಯಾಂಚೆಸ್ಟರಿನಲ್ಲಿ ಮಾತನಾಡುವಾಗ ಜನ M1, M14 ಎಂದು ಮೊದಲ ತುಂಡನ್ನಷ್ಟೇ ಹೇಳುವುದುಂಟು. ಅರ್ಜಿಗೆ ಅದು ಸಾಲದು. ಆಕಾರಗಳು ಆರು, ಒಂದೊಂದಕ್ಕೆ ಒಂದು ಉದಾಹರಣೆ:

```
M1 1AE
B33 8TH
CR2 6XH
DN55 1PT
W1A 0AX
EC1A 1BB
```

ಮೊದಲ ತುಂಡು ಎರಡರಿಂದ ನಾಲ್ಕರವರೆಗೆ ಉದ್ದ, ಗಿಡ್ಡ ಆಗುತ್ತದೆ. ಎರಡನೆಯದು ಬದಲಾಗುವುದೇ ಇಲ್ಲ: ಒಂದು ಅಂಕಿ, ಎರಡು ಅಕ್ಷರ. ಆದ್ದರಿಂದ ಪರೀಕ್ಷಿಸಿಕೊಳ್ಳಬೇಕಾದರೆ ಹಿಂದಿನಿಂದ ಓದಿ. ಕೊನೆಯ ಮೂರನ್ನು ಬೇರೆ ಮಾಡಿ, ಅದು ಅಂಕಿ, ಅಕ್ಷರ, ಅಕ್ಷರ ಆಗಿದೆಯೇ ನೋಡಿ. M11AE ಎಂದು ಒಟ್ಟಿಗೆ ಬರೆದರೂ ಅರ್ಥ ತಪ್ಪದಿರುವುದು ಇದರಿಂದಲೇ. ಕೊನೆಯ ಮೂರನ್ನು ಬಿಡಿಸಿದರೆ M1 ಉಳಿಯುತ್ತದೆ. ನಡುವಿನ ಜಾಗವಿಲ್ಲದ್ದನ್ನೂ ಸಣ್ಣ ಅಕ್ಷರದ್ದನ್ನೂ ಒಪ್ಪಬೇಕೆಂದು ವಿನ್ಯಾಸ ನಿಯಮವೇ ಹೇಳುತ್ತದೆ, ಹಾಗಾಗಿ ಜಾಗವನ್ನು ಅನುಮಾನಿಸುವುದು ಕೊನೆಗಿರಲಿ.

ಮೊದಲು ಅನುಮಾನಿಸಬೇಕಾದ್ದು ಸೊನ್ನೆ ಮತ್ತು O ಅಕ್ಷರವನ್ನು. W1A 0AX ಎಂಬಲ್ಲಿ ಎರಡನೆಯ ತುಂಡಿನ ಮೊದಲನೆಯದು ಅಂಕಿಯೇ ಆಗಬೇಕು. ಅಲ್ಲಿ O ಅಕ್ಷರ ಬರೆದರೆ ಕಣ್ಣಿಗೆ ಒಂದೇ, ಯಂತ್ರಕ್ಕೆ ತಪ್ಪು. 1 ಮತ್ತು I ಅಕ್ಷರದ್ದೂ ಇದೇ ಪಾಡು. ಇಲ್ಲಿ ಇನ್ನೊಂದು ಸಹಾಯವಿದೆ: ಕೊನೆಯ ಎರಡು ಅಕ್ಷರಗಳಲ್ಲಿ C, I, K, M, O, V ಈ ಆರು ಎಂದೂ ಬರುವುದಿಲ್ಲ. ಯಾರೋ ಕೈಬರಹದಲ್ಲಿ ಕೊಟ್ಟ ಚೀಟಿಯ ಕೊನೆಯಲ್ಲಿ O ಕಂಡರೆ ಅದು Q ಅಥವಾ D ಆಗಿರಬಹುದು, ಕೇಳಿ ತಿಳಿದುಕೊಳ್ಳಿ. ಕನ್ನಡ ಕೀಲಿಮಣೆಯಲ್ಲಿ ಬರೆಯುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು: ೧, ೨ ಎಂಬ ಕನ್ನಡ ಅಂಕಿಗಳನ್ನು ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಅಂಕಿಯೆಂದು ಎಣಿಸುವುದಿಲ್ಲ.

ಸಂದೇಶ ಇಲ್ಲಿದೆ, ತಪ್ಪು ಹಿಂದಿನ ಪುಟದಲ್ಲಿದೆ

ಹುಡುಗಿ M1 1AE ಮಾದರಿಯಲ್ಲಿ ಪೂರ್ತಿ ಬರೆದು ಮುಂದೆ ಹೋದಳು. ಇನ್ನೊಂದು ಪುಟದಲ್ಲಿ ಮೈಸೂರಿನಲ್ಲಿರುವ ಅಪ್ಪ ಅಮ್ಮನ ವಿಳಾಸ ಕೇಳಿದೆ. ಮನೆ, ಬೀದಿ, ಊರು ಬರೆದು 570001 ಎಂದು ಪಿನ್ ಹಾಕಿದಳು. ಮತ್ತೆ ಅದೇ ಸಂದೇಶ: "Enter a full UK postcode".

ಅನೇಕರು ಎಡವುವುದು ಇಲ್ಲಿ. ಪಿನ್ ಕೋಡ್ ತಪ್ಪಿಲ್ಲ. ಸಂದೇಶದಲ್ಲಿರುವ UK ಎಂಬ ಪದ ನೋಡಿ: ಈ ಪೆಟ್ಟಿಗೆ ಬ್ರಿಟನ್ನಿನ ವಿಳಾಸಕ್ಕೆಂದೇ ಇರುವುದು. ಬೇರೆ ದೇಶದ ವಿಳಾಸಕ್ಕೆ ಅರ್ಜಿಯಲ್ಲಿ ಬೇರೆ ದಾರಿಯಿದ್ದರೆ ಅದನ್ನು ದಾಟಿಕೊಂಡು ಬಂದಿದ್ದಾಳೆ. ತಿದ್ದಬೇಕಾದ್ದು ಈ ಪೆಟ್ಟಿಗೆಯನ್ನಲ್ಲ. ಪುಟದ ಮೇಲಿನ Back ಒತ್ತಿ ಹಿಂದೆ ಹೋಗಿ, ವಿಳಾಸ ಯಾವ ದೇಶದ್ದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ನೋಡಬೇಕು. ಅಂಥ ಪ್ರಶ್ನೆ ಇಲ್ಲದಿದ್ದರೆ, ಪೆಟ್ಟಿಗೆಯ ಕೆಳಗೆ ವಿಳಾಸ ಬ್ರಿಟನ್ನಿನ ಹೊರಗಿದೆ ಎನ್ನುವ ಕೊಂಡಿ ಇದೆಯೇ ಹುಡುಕಬೇಕು. ದಾರಿ ಬದಲಾದ ಮೇಲೆ ಬರುವ ಪುಟದಲ್ಲಿ ದೇಶದ ಪೆಟ್ಟಿಗೆ ಇರುತ್ತದೆ, 570001 ಸಲೀಸಾಗಿ ಒಳಗೆ ಹೋಗುತ್ತದೆ.

ಮಾಡಬಾರದ ಕೆಲಸವೊಂದಿದೆ. ಸಂದೇಶ ತೊಲಗಲೆಂದು ಯಾವುದೋ ಬ್ರಿಟಿಷ್ ಪೋಸ್ಟ್‌ಕೋಡನ್ನು ಮೈಸೂರಿನ ಬೀದಿಯ ಪಕ್ಕ ಬರೆಯುವುದು. ಕೆಂಪು ಮಾಯವಾಗುತ್ತದೆ, ಅರ್ಜಿ ಮುಂದೆ ಹೋಗುತ್ತದೆ. ಆದರೆ ಕಡತದಲ್ಲಿ ಸುಳ್ಳು ವಿಳಾಸ ಉಳಿಯುತ್ತದೆ, ಕೊನೆಯಲ್ಲಿ ನೀವು ಸತ್ಯವೆಂದು ಘೋಷಿಸುವುದು ಅದನ್ನೇ. ದಾರಿ ಸಿಗದಿದ್ದರೆ ಆ ಸೇವೆಯ ಸಹಾಯವಾಣಿಗೆ ಕೇಳುವುದೊಂದೇ ಸರಿ.

ಆಕಾರ ಸರಿ, ಹುಡುಕಿದರೆ ಇಲ್ಲ

ಇನ್ನೊಂದು ಬಗೆಯ ಸಂದೇಶ ಪೋಸ್ಟ್‌ಕೋಡ್ ಕೊಟ್ಟರೆ ಮನೆಗಳ ಪಟ್ಟಿ ತೋರಿಸುವ ಪುಟಗಳಲ್ಲಿ ಬರುತ್ತದೆ. ಆಕಾರ ಹೊಂದಿತು, ಆದರೆ ಆ ಪೋಸ್ಟ್‌ಕೋಡಿಗೆ ವಿಳಾಸ ಸಿಗಲಿಲ್ಲ ಎಂದು ಹೇಳುತ್ತದೆ. ಆಗ ಮೊದಲು ಒಂದು ಅಕ್ಷರ ಅದಲುಬದಲಾಗಿದೆಯೇ ನೋಡಿ. ಸರಿಯಿದ್ದರೆ ಕಟ್ಟಡ ಹೊಸದಾಗಿದ್ದು ಪಟ್ಟಿಗೆ ಇನ್ನೂ ಸೇರಿರದೇ ಇರಬಹುದು. "Enter address manually" ಎಂಬ ಕೊಂಡಿ ಇರುವುದು ಇದಕ್ಕಾಗಿ. ಅದನ್ನು ಒತ್ತಿ ವಿಳಾಸವನ್ನು ಕೈಯಾರೆ ಬರೆಯಬಹುದು.

ದಿನಾಂಕದ ಸಂದೇಶಗಳಿಗೂ ಇದೇ ಓದು ಸಾಕು. "Date of birth must include a year" ಎಂದರೆ ಇಸವಿ ಬಿಟ್ಟಿದ್ದೀರಿ. "Date of birth must be a real date" ಎಂದರೆ ಮೂರೂ ತುಂಬಿವೆ, ಆದರೆ ಏಪ್ರಿಲ್ 31ರಂಥ ದಿನ ಇಲ್ಲ, ಅಥವಾ ತಿಂಗಳ ಜಾಗದಲ್ಲಿ 14 ಬಂದಿದೆ. ಬ್ರಿಟನ್ನಿನಲ್ಲೂ ನಮ್ಮಂತೆ ದಿನ, ತಿಂಗಳು, ಇಸವಿ ಎಂಬ ಕ್ರಮವೇ.

ಕೆಂಪು ಇಲ್ಲವೆಂದರೆ ಸರಿಯೆಂದಲ್ಲ

ಈ ಪರೀಕ್ಷೆಗಳಿಗೊಂದು ಮಿತಿಯಿದೆ. M1 1AE ಬದಲು M1 1EA ಎಂದು ಬರೆದರೂ ಆಕಾರ ಹೊಂದುತ್ತದೆ. ಜನ್ಮದಿನ ಆಗಸ್ಟ್ 5 ಇದ್ದವರು ಮೇ 8 ಎಂದು ಬರೆದರೂ ಅದು ನಿಜವಾದ ದಿನಾಂಕವೇ. ಎರಡಕ್ಕೂ ಕೆಂಪು ಬರುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು ಉತ್ತರದ ಆಕಾರ, ನಿಮ್ಮ ಮನೆ ಎಲ್ಲಿದೆ ಎಂಬುದಲ್ಲ.

ಅರ್ಜಿ ಕಳಿಸುವ ಮೊದಲು ಬರುವ "Check your answers" ಎಂಬ ಪುಟದಲ್ಲಿ ನೀವು ಬರೆದದ್ದೆಲ್ಲ ಸಾಲಾಗಿ ಕಾಣುತ್ತದೆ, ಪ್ರತಿ ಸಾಲಿನ ಪಕ್ಕ Change ಎಂಬ ಕೊಂಡಿ ಇರುತ್ತದೆ. ಅಲ್ಲಿ ನೆನಪಿನಿಂದ ಓದಬೇಡಿ. ಮನೆಗೆ ಬಂದ ಅಂಚೆಯ ಲಕೋಟೆಯನ್ನೂ ಪಾಸ್‌ಪೋರ್ಟನ್ನೂ ಪಕ್ಕದಲ್ಲಿಟ್ಟುಕೊಂಡು, ಪೋಸ್ಟ್‌ಕೋಡಿನ ಒಂದೊಂದು ಅಕ್ಷರಕ್ಕೆ ಬೆರಳಿಟ್ಟು ತಾಳೆ ನೋಡಿ. ಕೆಂಪಕ್ಷರ ಹಿಡಿಯಲಾಗದ ತಪ್ಪನ್ನು ಆ ಪುಟದಲ್ಲಿ ಹಿಡಿಯಬಲ್ಲವರು ನೀವೊಬ್ಬರೇ.